ಇಂಗ್ಲಿಷ್ ಟೆಂಡರಿಗೊಂದು ಕನ್ನಡ ಪಟ್ಟಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಯುಪಿಎಸ್ ಜೋಡಿಸಿ ಮಾರುವ ಸಣ್ಣ ಘಟಕವೊಂದಿದೆ ಎಂದಿಟ್ಟುಕೊಳ್ಳೋಣ. ಮಾಲೀಕರಿಗೆ ಯಂತ್ರದ ಒಂದೊಂದು ತಿರುಪೂ ಗೊತ್ತು, ಮೇಸ್ತ್ರಿಗೆ ಅವರಿಗಿಂತಲೂ ಹೆಚ್ಚು ಗೊತ್ತು. ಕೇಂದ್ರ ಸರ್ಕಾರದ ಸಂಸ್ಥೆಯೊಂದು 10 ಕೆವಿಎ ಯುಪಿಎಸ್‌ಗಳಿಗೆ ಟೆಂಡರ್ ಕರೆದಿದೆ. ದಾಖಲೆ ಪೂರ್ತಿ ಇಂಗ್ಲಿಷಿನಲ್ಲಿದೆ. ಅದರ ಹೊಟ್ಟೆಯಲ್ಲಿ ತಾಂತ್ರಿಕ ಬೇಡಿಕೆಗಳ ಕೋಷ್ಟಕ, ಅದರ ಪಕ್ಕದಲ್ಲೇ ಬಿಡ್ಡುದಾರರು ತುಂಬಬೇಕಾದ ಖಾಲಿ ಮನೆಗಳು. ಕಚೇರಿಗಳಲ್ಲಿ ಇದಕ್ಕೆ ಕಂಪ್ಲಯನ್ಸ್ ಶೀಟ್ ಎನ್ನುತ್ತಾರೆ.

ಸಾಮಾನ್ಯವಾಗಿ ಆಗುವುದು ಹೀಗೆ: ಇಂಗ್ಲಿಷ್ ಬಲ್ಲ ಹುಡುಗನೊಬ್ಬ ಕಂಪ್ಯೂಟರಿನ ಮುಂದೆ ಕೂತು, ಖಾಲಿ ಮನೆಗಳಿಗೆಲ್ಲ ಮೇಲಿಂದ ಕೆಳಗೆ ‘ಯೆಸ್’ ಎಂದು ತುಂಬುತ್ತಾನೆ. ಅವನಿಗೆ ಭಾಷೆ ಗೊತ್ತು, ಯಂತ್ರ ಗೊತ್ತಿಲ್ಲ. ಯಂತ್ರ ಗೊತ್ತಿದ್ದವರು ಕೋಷ್ಟಕವನ್ನು ನೋಡಿಯೇ ಇರುವುದಿಲ್ಲ. ಕನ್ನಡ ಪ್ರತಿ ಬೇಕಾಗುವುದು ಇಲ್ಲಿಯೇ. ಅದು ಸಂಸ್ಥೆಗೆ ಸಲ್ಲಿಸಲು ಅಲ್ಲ, ಘಟಕದೊಳಗೆ ಸರಿಯಾದ ಮನುಷ್ಯನನ್ನು ಸರಿಯಾದ ಪ್ರಶ್ನೆ ಕೇಳಲು.

ಅನುಭವಿಗಳು ಮಾಡಿಕೊಳ್ಳುವ ಪಟ್ಟಿಯಲ್ಲಿ ಮೂಲದ ಸಾಲು ಸಂಖ್ಯೆ ಮತ್ತು ಇಂಗ್ಲಿಷ್ ವಾಕ್ಯ ಅಕ್ಷರವೂ ಬದಲಾಗದೆ ಉಳಿಯುತ್ತವೆ. ಅದರ ಮುಂದೆ ಕನ್ನಡದಲ್ಲಿ ತಾತ್ಪರ್ಯ, ಆಮೇಲೆ ‘ನಮ್ಮ ಬಳಿ ಏನಿದೆ’, ಕೊನೆಗೆ ‘ಯಾವ ಕಾಗದ ತೋರಿಸುತ್ತೇವೆ’. ಮೂಲದ ಒಂದು ಸಾಲಿನಲ್ಲಿ ಎರಡು ಬೇಡಿಕೆ ಇದ್ದರೆ ಕನ್ನಡದಲ್ಲಿ ಅದು ಎರಡು ಸಾಲಾಗಬೇಕು. ಇದು ಸಣ್ಣ ವಿಷಯದಂತೆ ಕಾಣುತ್ತದೆ. ಬ್ಯಾಟರಿಯ ಸಾಲಿಗೆ ಬಂದಾಗ ಅದರ ಬೆಲೆ ತಿಳಿಯುತ್ತದೆ.

ಆ ಸಾಲು ಕೇಳುವುದಿಷ್ಟು: ಬ್ಯಾಟರಿ ಬ್ಯಾಂಕ್ 15,000 ವಿಎಎಚ್‌ಗಿಂತ ಕಡಿಮೆ ಇರಬಾರದು, ಪೂರ್ಣ ಲೋಡಿನಲ್ಲಿ 60 ನಿಮಿಷ ಬ್ಯಾಕಪ್ ಕೊಡಬೇಕು. ಘಟಕದವರು ಸದಾ ಹಾಕುವುದು 12 ವೋಲ್ಟಿನ 65 ಎಎಚ್ ಬ್ಯಾಟರಿಗಳು, ಇಪ್ಪತ್ತು. 12, 65, 20 ಗುಣಿಸಿದರೆ 15,600. ಹುಡುಗ ‘ಯೆಸ್’ ಬರೆಯುವುದು ಈ ಲೆಕ್ಕ ನೋಡಿಯೇ, ಮೊದಲರ್ಧದ ಮಟ್ಟಿಗೆ ಅದು ಸರಿಯೂ ಹೌದು.

ಎರಡನೇ ಅರ್ಧ ಬೇರೆಯೇ ಕಥೆ. ಈ ಟೆಂಡರಿನ ಯುಪಿಎಸ್‌ಗೆ ಔಟ್‌ಪುಟ್ ಪವರ್ ಫ್ಯಾಕ್ಟರ್ 0.9 ಎಂದು ಇನ್ನೊಂದು ಸಾಲಿನಲ್ಲಿದೆ. ಹಾಗಾದರೆ ಪೂರ್ಣ ಲೋಡ್ ಎಂದರೆ 9 ಕಿಲೋವ್ಯಾಟ್. ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿಸಿದರೆ ಬ್ಯಾಟರಿಯಿಂದ ಒಂದು ಗಂಟೆಗೆ ಸುಮಾರು 9,700 ವ್ಯಾಟ್-ಅವರ್ ಬೇಕು. ಬ್ಯಾಟರಿಯ ಮೇಲೆ ಅಚ್ಚಾಗಿರುವ 65 ಎಎಚ್ ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಅಳತೆ. ಒಂದೇ ಗಂಟೆಯಲ್ಲಿ ಹಿಂಡಿದರೆ ಸೀಸದ ಬ್ಯಾಟರಿ ಕೊಡುವುದು ಅದರ ಶೇ 60ರ ಆಸುಪಾಸು, ಅಂದರೆ 9,360. ವಿಎಎಚ್ ಪಾಸು, ಬ್ಯಾಕಪ್ ಫೇಲು. ಎರಡನ್ನೂ ಒಂದೇ ಸಾಲಿನಲ್ಲಿ ಓದಿದವರಿಗೆ ಇದು ಕಾಣುವುದೇ ಇಲ್ಲ. 100 ಎಎಚ್ ಬ್ಯಾಟರಿ ಹಾಕಿದರೆ ಸಮಸ್ಯೆ ತೀರುತ್ತದೆ, ಆದರೆ ದರಪಟ್ಟಿ ಬದಲಾಗುತ್ತದೆ, ಬ್ಯಾಟರಿ ರ‍್ಯಾಕಿನ ಅಳತೆಯೂ ಬದಲಾಗುತ್ತದೆ.

ದಕ್ಷತೆಯ ಸಾಲು ಇನ್ನೊಂದು ಬಗೆಯ ಬಲೆ. ಅರ್ಧ ಲೋಡು ಮತ್ತು ಅದಕ್ಕಿಂತ ಮೇಲೆ ದಕ್ಷತೆ ಶೇ 92ಕ್ಕಿಂತ ಕಡಿಮೆ ಇರಬಾರದು ಎಂಬುದು ಬೇಡಿಕೆ. ಘಟಕದ ಬ್ರೋಷರಿನಲ್ಲಿ ‘ಶೇ 94ರವರೆಗೆ’ ಎಂದಿದೆ. ಅಂಕಿ ದೊಡ್ಡದೆಂದು ಖುಷಿಪಡುವಂತಿಲ್ಲ. ‘ವರೆಗೆ’ ಎಂದರೆ ಅತ್ಯುತ್ತಮ ಸ್ಥಿತಿಯಲ್ಲಿ ಸಿಗುವ ಗರಿಷ್ಠ, ಟೆಂಡರ್ ಕೇಳುತ್ತಿರುವುದು ಕನಿಷ್ಠ. ಇಲ್ಲಿ ಬ್ರೋಷರ್ ಪುರಾವೆಯಾಗುವುದಿಲ್ಲ. ಅರ್ಧ, ಮುಕ್ಕಾಲು ಮತ್ತು ಪೂರ್ಣ ಲೋಡಿನಲ್ಲಿ ಅಳೆದ ಟೆಸ್ಟ್ ರಿಪೋರ್ಟ್ ಬೇಕು. ಕನ್ನಡ ಪಟ್ಟಿಯ ಕೊನೆಯ ಮನೆ ಖಾಲಿ ಉಳಿದರೆ, ಆ ಸಾಲಿಗೆ ಇನ್ನೂ ಉತ್ತರ ಸಿಕ್ಕಿಲ್ಲ ಎಂದೇ ಅರ್ಥ.

ಇನ್‌ಪುಟ್ ವೋಲ್ಟೇಜಿನಂಥ ಸಾಲುಗಳಲ್ಲಿ ಯಾವ ಕಡೆಗೆ ಹೆಚ್ಚಾದರೆ ಲಾಭ ಎಂದು ಬರೆದಿಟ್ಟರೆ ಸಾಕು. 160ರಿಂದ 280 ವೋಲ್ಟ್ ಕೇಳಿದ್ದಕ್ಕೆ 150ರಿಂದ 290 ಇರುವ ಯಂತ್ರ ನಡೆಯುತ್ತದೆ, 170ರಿಂದ 300 ಇರುವುದು ನಡೆಯುವುದಿಲ್ಲ.

ವಾರಂಟಿಯ ಸಾಲನ್ನು ಹೆಚ್ಚಿನವರು ಓದದೆ ದಾಟುತ್ತಾರೆ. ‘ಮೂರು ವರ್ಷ ಕಾಂಪ್ರಿಹೆನ್ಸಿವ್ ಆನ್‌ಸೈಟ್ ವಾರಂಟಿ, ಬ್ಯಾಟರಿ ಸೇರಿ, ಅಳವಡಿಸಿ ಒಪ್ಪಿಗೆಯಾದ ದಿನದಿಂದ.’ ಇದನ್ನು ಕನ್ನಡದಲ್ಲಿ ಬಿಡಿಸಿ ಬರೆದು ಮೇಸ್ತ್ರಿಯ ಕೈಗೆ ಕೊಟ್ಟರೆ ಆತ ಕೇಳುವ ಪ್ರಶ್ನೆ ನೇರವಾಗಿರುತ್ತದೆ: “ಸರ್ರ, ಬ್ಯಾಟರಿ ಕಂಪನಿಯವರು ನಮಗ ಎರಡ ವರ್ಷ ಕೊಡ್ತಾರ್ರಿ. ಮೂರನೇ ವರ್ಷ ಯಾರು ಕೊಡಬೇಕ್ರಿ?” ಅದೂ ಅಲ್ಲದೆ ಕಂಪನಿಯ ಎರಡು ವರ್ಷ ಬಿಲ್ಲಿನ ತಾರೀಖಿನಿಂದ ಶುರುವಾಗಿದ್ದರೆ, ಕಟ್ಟಡ ಸಿದ್ಧವಾಗದೆ ಯುಪಿಎಸ್ ಮೂರು ತಿಂಗಳು ಗೋದಾಮಿನಲ್ಲಿ ಕೂತರೂ ಆ ಮೂರು ತಿಂಗಳು ಘಟಕದ ತಲೆಗೇ. ತಾಂತ್ರಿಕ ಕೋಷ್ಟಕದ ಒಂದು ಸಾಲು ಹೀಗೆ ಸದ್ದಿಲ್ಲದೆ ದರಕ್ಕೆ ಕೈ ಹಾಕುತ್ತದೆ.

ಹೊಂದದ ಸಾಲುಗಳನ್ನು ಏನು ಮಾಡುವುದು? ಅದಕ್ಕೆಂದೇ ಪ್ರೀಬಿಡ್ ಸಭೆ ಇರುತ್ತದೆ. ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ, ಪುಟ ಮತ್ತು ಕಲಂ ಸಂಖ್ಯೆ ಹಾಕಿ, ಮೂಲ ವಾಕ್ಯವನ್ನು ಹಾಗೆಯೇ ನಕಲು ಮಾಡಿ ಕಳುಹಿಸಬೇಕು. ‘ಸಡಿಲಿಸಿ’ ಎಂದು ಬೇಡಿಕೊಳ್ಳುವುದಕ್ಕಿಂತ, ಪೂರ್ಣ ಲೋಡನ್ನು ಯಾವ ಪವರ್ ಫ್ಯಾಕ್ಟರಿನಲ್ಲಿ ಅಳೆಯುತ್ತೀರಿ ಎಂದು ಕೇಳುವುದು ಮೇಲು. 0.8 ಎಂದು ಉತ್ತರ ಬಂದರೆ ಲೋಡ್ 8 ಕಿಲೋವ್ಯಾಟಿಗೆ ಇಳಿಯುತ್ತದೆ, 65 ಎಎಚ್ ಬ್ಯಾಟರಿಯೇ ಸಾಲುತ್ತದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಜಾಹೀರಾತು ಟೆಂಡರಿಗೆ ಸಾಮಾನ್ಯವಾಗಿ ಕನಿಷ್ಠ ಮೂರು ವಾರ ಸಮಯ ಇರುತ್ತದೆ. ಪ್ರೀಬಿಡ್ ಸಭೆ ಅದರ ನಡುವೆಯೇ ಬಂದುಹೋಗುವುದರಿಂದ, ಕನ್ನಡ ಪಟ್ಟಿ ಮೊದಲ ವಾರದಲ್ಲೇ ಮುಗಿದಿರಬೇಕು. ಸಭೆಯ ನಂತರ ಬರುವ ತಿದ್ದುಪಡಿ, ಅಂದರೆ ಕೊರಿಜೆಂಡಮ್, ಮೂಲ ಕೋಷ್ಟಕವನ್ನು ಮೀರುತ್ತದೆ. ಹಳೆಯ ಕನ್ನಡ ಪ್ರತಿ ಹಿಡಿದುಕೊಂಡೇ ಉತ್ತರ ತುಂಬಿ ತಿರಸ್ಕೃತರಾಗುವವರು ಕಡಿಮೆಯೇನಿಲ್ಲ.

ಉತ್ತರ ಮತ್ತೆ ಇಂಗ್ಲಿಷಿಗೆ ಹೋಗುವಾಗ ಬರಿಯ ‘ಯೆಸ್’ ಸಾಲದು. ‘ಕಂಪ್ಲೈಡ್’ ಎಂದು ಬರೆದು, ಕೊಡುತ್ತಿರುವ ನಿಜವಾದ ಅಂಕಿ ಮತ್ತು ಬಿಡ್ಡಿನ ಪುಟ ಸಂಖ್ಯೆ ಹಾಕಬೇಕು: 12 ವೋಲ್ಟ್, 100 ಎಎಚ್, 20 ಬ್ಯಾಟರಿ, ಒಟ್ಟು 24,000 ವಿಎಎಚ್, ಡಿಸ್ಚಾರ್ಜ್ ಕೋಷ್ಟಕ ಪುಟ 41. ಸುಮ್ಮನೆ ಮಾಹಿತಿ ಕೊಡುವ ಸಾಲುಗಳಿಗೆ ‘ನೋಟೆಡ್’ ಸಾಕು. ಬೇಡಿಕೆಯ ಸಾಲಿಗೂ ‘ನೋಟೆಡ್’ ಎಂದರೆ ಪರಿಶೀಲಿಸುವವರು ಅದನ್ನು ಒಪ್ಪಿಗೆ ಎಂದು ಎಣಿಸಬೇಕಾಗಿಲ್ಲ.

ಹೊಂದದಿದ್ದರೂ ಹೊಂದುತ್ತದೆ ಎಂದು ಬರೆದು ನೋಡೋಣ ಎನ್ನುವವರಿಗೂ ಒಂದು ಮಾತು. ದಾರಿ ತಪ್ಪಿಸುವ ತಪ್ಪು ಮಾಹಿತಿಯನ್ನು ಆ ನಿಯಮಗಳು ಪ್ರಾಮಾಣಿಕತೆಯ ಸಂಹಿತೆಯ ಉಲ್ಲಂಘನೆ ಎನ್ನುತ್ತವೆ. ಅದಕ್ಕೆ ಎರಡು ವರ್ಷದವರೆಗೆ ಖರೀದಿಯಿಂದ ಹೊರಗಿಡಬಹುದು. ಟೆಂಡರ್ ಗೆದ್ದ ಮೇಲೂ ಈ ಪಟ್ಟಿಯನ್ನು ಎಸೆಯಬೇಡಿ. ಯುಪಿಎಸ್ ಇಳಿಸಿದ ದಿನ ತಪಾಸಣೆಗೆ ಬರುವ ಎಂಜಿನಿಯರ್ ಕೈಯಲ್ಲಿ ಇರುವುದು ನೀವೇ ಸಹಿ ಹಾಕಿ ಕೊಟ್ಟ ಆ ಕಂಪ್ಲಯನ್ಸ್ ಶೀಟ್. ಅವರು ಲೋಡ್ ಹಾಕಿ, 60 ನಿಮಿಷ ಗಡಿಯಾರ ನೋಡುತ್ತಾರೆ.