ಕಾರ್ಡ್ ಕೈಕೊಟ್ಟಾಗ ಹೋಗುವ ಮೆಸೇಜು

ತಿಂಗಳಿಗೆ 199 ರೂಪಾಯಿಯ ಓದುವ ಆ್ಯಪ್ ಎಂದುಕೊಳ್ಳಿ. ಆರ್‌ಬಿಐ ನಿಯಮದಂತೆ 24 ಗಂಟೆ ಮೊದಲೇ ಸೂಚನೆ ಹೋಗಿತ್ತು. ಆದರೂ 28ನೇ ತಾರೀಕು ಕಾರ್ಡಿನಿಂದ ಹಣ ಬರಲಿಲ್ಲ. ಮೆಸೇಜು ಬರೆಯುವ ಮುಂಚೆ ಕಾರಣ ನೋಡಬೇಕು. `insufficient_funds` ಎಂದಿದ್ದರೆ ಖಾತೆ ಬರಿದಾಗಿದೆ, ಅಷ್ಟೇ. ಸಂಬಳ ಬಿದ್ದ ಮೇಲೆ ಇನ್ನೊಮ್ಮೆ ಪ್ರಯತ್ನಿಸಿದರೆ ಎಷ್ಟೋ ಸಲ ಬಂದುಬಿಡುತ್ತದೆ. `expired_card` ಎಂದಿದ್ದರೆ ಕಾಯುವುದು ದಂಡ. ಅವತ್ತೇ ಬರೆಯಬೇಕು: “4821ಕ್ಕೆ ಕೊನೆಯಾಗುವ ನಿಮ್ಮ ಕಾರ್ಡಿನ ಅವಧಿ ಮುಗಿದಿದೆ. ಹೊಸದನ್ನು ಆ್ಯಪ್‌ನಲ್ಲಿ ಸೇರಿಸಿ. 7ನೇ ತಾರೀಕಿನವರೆಗೆ ಓದಲು ಅಡ್ಡಿಯಿಲ್ಲ.” ನಡುವೆ ಒಂದು ನೆನಪೋಲೆ, 6ಕ್ಕೆ ಕೊನೆಯದು. ಹಣ ಬಂದ ಕ್ಷಣವೇ ಉಳಿದ ಮೆಸೇಜುಗಳು ರದ್ದಾಗಬೇಕು. ಬೆಳಿಗ್ಗೆ ಕಟ್ಟಿದವರಿಗೆ ಸಂಜೆ ‘ಬಾಕಿ ಇದೆ’ ಎಂದು ಹೋದರೆ, ಸಿಟ್ಟಿಗೆ ಚಂದಾವನ್ನೇ ನಿಲ್ಲಿಸುತ್ತಾರೆ.