ಪ್ಲೇಟ್ ಹಾಕಬೇಕೇ, ಬೇಡವೇ? ಸೊನ್ನೆ-ಒಂದರ ಲೆಕ್ಕ

ಊರ ಜಾತ್ರೆಯ ಸ್ಮರಣ ಸಂಚಿಕೆ ಅಚ್ಚು ಹಾಕಿಸಲು ಹೋದವರನ್ನು ಪ್ರೆಸ್ಸಿನವರು ಮೊದಲು ಕೇಳುವುದು ‘ಎಷ್ಟು ಕಾಪಿ?’ ಎಂದು. ಆಫ್‌ಸೆಟ್ ಯಂತ್ರದಲ್ಲಿ ಮೊದಲ ಪ್ರತಿ ಹೊರಬರುವ ಮುನ್ನವೇ ಖರ್ಚು ಶುರುವಾಗಿರುತ್ತದೆ. ಬಣ್ಣದ ಮುದ್ರಣಕ್ಕೆ ನಾಲ್ಕು ಬಣ್ಣಗಳಿಗೆ ನಾಲ್ಕು ಪ್ಲೇಟ್ ಬೇಕು. ಅವನ್ನು ಯಂತ್ರಕ್ಕೆ ಏರಿಸಿ, ಶಾಯಿಯ ಹದ ನೋಡಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವಂತೆ ರಿಜಿಸ್ಟರ್ ಹೊಂದಿಸುವಷ್ಟರಲ್ಲಿ ಒಂದಷ್ಟು ಹಾಳೆ ವೇಸ್ಟ್ ಆಗಿರುತ್ತದೆ. ಹತ್ತು ಪ್ರತಿಗೂ ಇದೇ ಖರ್ಚು, ಸಾವಿರಕ್ಕೂ ಇದೇ. ಡಿಜಿಟಲ್ ಯಂತ್ರಕ್ಕೆ ಪ್ಲೇಟಿನ ಗೊಡವೆಯಿಲ್ಲ, ಆದರೆ ಒಂದೊಂದು ಪ್ರತಿಯೂ ದುಬಾರಿ.

ಉದಾಹರಣೆಗೆ ಒಂದು ಲೆಕ್ಕ ಇಟ್ಟುಕೊಳ್ಳೋಣ. ಆಫ್‌ಸೆಟ್‌ನಲ್ಲಿ ತಯಾರಿಗೆ 7,000 ರೂಪಾಯಿ, ಆಮೇಲೆ ಪ್ರತಿಗೆ 10 ರೂಪಾಯಿ. ಡಿಜಿಟಲ್‌ನಲ್ಲಿ ಪ್ರತಿಗೆ 30 ರೂಪಾಯಿ, ತಯಾರಿ ಖರ್ಚಿಲ್ಲ. 600 ಪ್ರತಿಗೆ ಆಫ್‌ಸೆಟ್ 13,000, ಡಿಜಿಟಲ್ 18,000. 250 ಪ್ರತಿಗೆ ತಕ್ಕಡಿ ಆಚೆ ವಾಲುತ್ತದೆ: ಆಫ್‌ಸೆಟ್ 9,500, ಡಿಜಿಟಲ್ 7,500. ಒಂದೇ ಆರ್ಡರ್ ಆದರೆ ಬೆರಳೆಣಿಕೆಯಲ್ಲಿ ಮುಗಿಯುವ ಕೆಲಸ. ಆದರೆ 40 ಆರ್ಡರ್‌ಗಳು ಒಂದೇ ಯಂತ್ರದ ಗಂಟೆಗಳಿಗೆ ಪೈಪೋಟಿಗೆ ಬಿದ್ದರೆ ‘ಪ್ಲೇಟ್ ಹಾಕು, ಹಾಕಬೇಡ’ ಎಂಬ ಆಯ್ಕೆಗಳ ಜೋಡಣೆಗಳು ಒಂದು ಲಕ್ಷ ಕೋಟಿಯನ್ನೂ ಮೀರುತ್ತವೆ. ಆಗ ಗಣಿತ ಬೇಕಾಗುತ್ತದೆ.

ಇಂಥ ಯೋಜನೆಗಳಿಗೆ ಹಳೆಯ ಸಾಧನ ಲೀನಿಯರ್ ಪ್ರೋಗ್ರಾಮಿಂಗ್. ಅದನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನವನ್ನು ಅಮೆರಿಕದ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ರೂಪಿಸಿದರು. ಅದಕ್ಕೆ ಗೊತ್ತಿರುವುದು ಸರಳರೇಖೆಯ ಲೆಕ್ಕ ಮಾತ್ರ: ಎರಡರಷ್ಟು ಮಾಡಿದರೆ ಎರಡರಷ್ಟು ಖರ್ಚು. ಸೊನ್ನೆ ಪ್ರತಿಗೆ ಸೊನ್ನೆ, ಒಂದೇ ಪ್ರತಿಗೆ ಥಟ್ಟನೆ 7,010 ಎಂಬ ಜಿಗಿತ ಅದರ ರೇಖೆಯಲ್ಲಿ ಕೂರುವುದಿಲ್ಲ. ಈ ‘ನಿಗದಿತ ವೆಚ್ಚ’ದ ಸಮಸ್ಯೆಯ ಬಗ್ಗೆ ವಾರನ್ ಹಿರ್ಷ್ ಜೊತೆ ಸೇರಿ ಡಾಂಟ್ಸಿಗ್ ಅವರೇ 1954ರಲ್ಲಿ ಬರೆದರು.

ಜಿಗಿತವನ್ನು ಹಿಡಿಯಲು ಬಳಸುವುದು ಸೊನ್ನೆ ಅಥವಾ ಒಂದು ಮಾತ್ರ ಆಗಬಲ್ಲ ಒಂದು ಬೈನರಿ ಚರಾಕ್ಷರ. ಅದು ಸ್ವಿಚ್ಚಿನ ಹಾಗೆ. ಪ್ಲೇಟ್ ಹಾಕಿದರೆ y = 1, ಇಲ್ಲದಿದ್ದರೆ y = 0. ಆಫ್‌ಸೆಟ್ ಪ್ರತಿಗಳು x, ಡಿಜಿಟಲ್ ಪ್ರತಿಗಳು d ಆದರೆ 600 ಪ್ರತಿಗಳ ಆರ್ಡರ್ ಹೀಗೆ ಬರುತ್ತದೆ:

```
minimize  7000*y + 10*x + 30*d
x + d = 600
x <= M*y
```

ಕೊನೆಯ ಸಾಲಿನಲ್ಲಿರುವ M ಒಂದು ದೊಡ್ಡ ಸಂಖ್ಯೆ. ಸ್ವಿಚ್ ಆರಿದ್ದರೆ ಬಲಬದಿ ಸೊನ್ನೆಯಾಗಿ ಆಫ್‌ಸೆಟ್‌ನಲ್ಲಿ ಒಂದು ಪ್ರತಿಯೂ ಬರುವಂತಿಲ್ಲ. ಹೊತ್ತಿದ್ದರೆ M ತನಕ ಮುದ್ರಿಸಬಹುದು, ಜೊತೆಗೆ 7,000 ರೂಪಾಯಿ ಬಿಲ್ಲಿಗೆ ಸೇರುತ್ತದೆ. ಕೆಲಸವಿಲ್ಲದೆ ಸ್ವಿಚ್ ಹಾಕಿಡಬಾರದು ಎಂದು ಬೇರೆ ಹೇಳಬೇಕಿಲ್ಲ. ಖರ್ಚು ತಗ್ಗಿಸುವ ಗುರಿಯೇ ಅದನ್ನು ಆರಿಸುತ್ತದೆ.

ಹಾಗಾದರೆ M ಎಷ್ಟಿರಬೇಕು? ಹೊಸಬರು ಸಾಮಾನ್ಯವಾಗಿ ‘ದೊಡ್ಡದಿದ್ದರಾಯಿತು’ ಎಂದು ಹತ್ತು ಲಕ್ಷವನ್ನೋ ಹತ್ತು ಕೋಟಿಯನ್ನೋ ಬರೆದುಬಿಡುತ್ತಾರೆ. ತೊಂದರೆ ಹುಟ್ಟುವುದೇ ಇಲ್ಲಿ, ಅದೂ ಸದ್ದಿಲ್ಲದೆ.

ಸಾಫ್ಟ್‌ವೇರ್ ಈ ಲೆಕ್ಕವನ್ನು ಬಿಡಿಸುವ ಬಗೆ ನೋಡಿದರೆ ಕಾರಣ ತಿಳಿಯುತ್ತದೆ. ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್ 1960ರಲ್ಲಿ ಪ್ರಕಟಿಸಿದ ದಾರಿಯೇ ಇಂದಿಗೂ ಅದರ ತಳಹದಿ. ಮೊದಲು y ಸೊನ್ನೆಯಿಂದ ಒಂದರ ನಡುವೆ ಎಲ್ಲಿ ಬೇಕಾದರೂ ಇರಲಿ ಎಂದು ಬಿಟ್ಟು ಸುಲಭದ ಲೆಕ್ಕ ಮಾಡುತ್ತಾರೆ. ಭಿನ್ನರಾಶಿ ಬಂದರೆ y = 0 ಎಂದು ಒಂದು ಕವಲು, y = 1 ಎಂದು ಇನ್ನೊಂದು ಕವಲು ತೆಗೆದು ಹುಡುಕುತ್ತಾರೆ. ಸುಲಭದ ಲೆಕ್ಕದ ಉತ್ತರ ‘ಖರ್ಚು ಇದಕ್ಕಿಂತ ಕಡಿಮೆಯಾಗದು’ ಎಂಬ ಗಡಿಯಾಗುತ್ತದೆ. ಗಡಿ ನಿಜಕ್ಕೆ ಹತ್ತಿರವಿದ್ದಷ್ಟೂ ಬೇಡದ ಕವಲುಗಳನ್ನು ಬೇಗ ಕತ್ತರಿಸಬಹುದು.

M ಹತ್ತು ಲಕ್ಷವಿದ್ದರೆ 600 ಪ್ರತಿಗೆ y = 0.0006 ಸಾಕು. ತಯಾರಿ ಖರ್ಚು 7,000 ಇದ್ದದ್ದು 4 ರೂಪಾಯಿ 20 ಪೈಸೆಗೆ ಇಳಿಯುತ್ತದೆ! ಗಡಿ 6,004.20 ರೂಪಾಯಿ, ನಿಜವಾದ ಖರ್ಚು 13,000. ಇಂಥ ಸಡಿಲ ಗಡಿಯಿಂದ ಯಾವ ಕವಲನ್ನೂ ಕತ್ತರಿಸಲಾಗದೆ ಹುಡುಕಾಟ ಬೆಳೆಯುತ್ತಲೇ ಹೋಗುತ್ತದೆ. M ಅನ್ನು 600ಕ್ಕೆ ಇಳಿಸಿ ನೋಡಿ. ಆರ್ಡರ್ ಇರುವುದೇ 600, ಅದಕ್ಕಿಂತ ಹೆಚ್ಚು ಯಾರೂ ಮುದ್ರಿಸುವುದಿಲ್ಲ. ಈಗ 600 ಪ್ರತಿಗೆ y ಪೂರ್ತಿ 1 ಆಗಲೇಬೇಕು, ಗಡಿ ನೇರವಾಗಿ 13,000ಕ್ಕೆ ಬಂದು ನಿಲ್ಲುತ್ತದೆ. ಹಲವು ಆರ್ಡರ್‌ಗಳು ಯಂತ್ರದ ಗಂಟೆ ಹಂಚಿಕೊಂಡಾಗ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ, ಕವಲು ತೆಗೆಯಲೇಬೇಕಾಗುತ್ತದೆ. ಆದರೂ ಒಂದೊಂದು ಆರ್ಡರ್‌ಗೂ ಅದರದೇ M ಕೊಟ್ಟರೆ ಹುಡುಕಾಟ ಹಗುರಾಗುತ್ತದೆ.

ಹತ್ತು ಕೋಟಿಯ M ಇನ್ನೂ ಅಪಾಯಕಾರಿ. ಕಂಪ್ಯೂಟರಿನ ದಶಮಾಂಶ ಲೆಕ್ಕದಲ್ಲಿ ಚೂರುಪಾರು ವ್ಯತ್ಯಾಸ ಸಹಜವಾದ್ದರಿಂದ ಗುರೋಬಿಯಂಥ ಸಾಫ್ಟ್‌ವೇರ್ 0.00001 ತನಕದ ವ್ಯತ್ಯಾಸವನ್ನು ಮನ್ನಿಸುತ್ತದೆ. 600ನ್ನು ಹತ್ತು ಕೋಟಿಯಿಂದ ಭಾಗಿಸಿದರೆ 0.000006. ಸಾಫ್ಟ್‌ವೇರ್ ಅದನ್ನು ಸೊನ್ನೆಯೆಂದೇ ಒಪ್ಪಿಕೊಳ್ಳಬಹುದು. ಆಗ ಪ್ಲೇಟೇ ಹಾಕದೆ 600 ಪ್ರತಿ ಆಫ್‌ಸೆಟ್‌ನಲ್ಲಿ ಅಚ್ಚಾದಂತೆ ವರದಿ ಬರುತ್ತದೆ, ತಯಾರಿಗೆ ಬಿದ್ದ ಖರ್ಚು ನಾಲ್ಕು ಪೈಸೆ. ಉತ್ತರದಲ್ಲಿ y ಸೊನ್ನೆಯ ಹತ್ತಿರವಿದ್ದೂ x ದೊಡ್ಡದಾಗಿದ್ದರೆ ಈ ಸೋರಿಕೆ ಆಗಿದೆ ಎಂದೇ ಅರ್ಥ.

ಇದೇ ಸ್ವಿಚ್ಚು ‘ಇದು, ಇಲ್ಲವೇ ಅದು’ ಎಂಬ ಷರತ್ತಿಗೂ ಒದಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಮ್ಯಾನ್ 1960ರಲ್ಲಿ ಕಾರ್ಖಾನೆಯ ಕೆಲಸಗಳ ಸರದಿಗೆ ಇದನ್ನು ಅಳವಡಿಸಿದರು. ನಮ್ಮ ಪ್ರೆಸ್ಸಿಗೇ ಬರೋಣ. ಒಂದೇ ಆಫ್‌ಸೆಟ್ ಯಂತ್ರ, ಬೆಳಿಗ್ಗೆ 9ರಿಂದ ಸಂಜೆ 7ರ ತನಕ 10 ಗಂಟೆ ಓಡುತ್ತದೆ. ಆಮಂತ್ರಣ ಪತ್ರಿಕೆಗೆ 3 ಗಂಟೆ, ಸ್ಮರಣ ಸಂಚಿಕೆಗೆ 5 ಗಂಟೆ ಬೇಕು. ಒಂದು ಮುಗಿದ ಮೇಲೆಯೇ ಇನ್ನೊಂದು, ಯಾವುದು ಮೊದಲಾದರೂ ಸರಿ. ಆಮಂತ್ರಣ ಶುರುವಾಗುವ ಹೊತ್ತು a, ಸಂಚಿಕೆಯದು b ಎಂದರೆ:

```
a + 3 <= b + M*(1 - z)
b + 5 <= a + M*z
```

z = 1 ಆದಾಗ ಮೊದಲ ಸಾಲು ಬಿಗಿಯಾಗಿ ನಿಂತು ಆಮಂತ್ರಣ ಮೊದಲು ಮುಗಿಯುತ್ತದೆ. ಎರಡನೆಯ ಸಾಲಿಗೆ M ಸೇರಿ ಅದು ಹೆಸರಿಗಷ್ಟೇ ಉಳಿಯುತ್ತದೆ. z = 0 ಆದರೆ ಪಾತ್ರ ಅದಲುಬದಲು.

ದೊಡ್ಡ M ಕೆಟ್ಟದ್ದೆಂದು ಕೇಳಿದವರು ಇಲ್ಲಿ ಕೈ ಬಿಗಿಹಿಡಿಯುತ್ತಾರೆ. ಮೂರು ಐದು ಸೇರಿ ಎಂಟು, ಹಾಗಾಗಿ M = 8 ಸಾಕೆನಿಸುತ್ತದೆ. ಎರಡು ಕೆಲಸವೂ ಬೆನ್ನುಬೆನ್ನಿಗೆ ನಡೆದರೆ ನಿಜಕ್ಕೂ ಸಾಕು, ಎಷ್ಟೋ ದಿನ ಸರಿಯಾದ ಉತ್ತರವೂ ಬರುತ್ತದೆ. ಒಂದು ದಿನ ಸಂಚಿಕೆಯ ಕಾಗದ ಮಧ್ಯಾಹ್ನ 2ಕ್ಕೆ ಬರುತ್ತದೆ, ಆಮಂತ್ರಣದ ಗಿರಾಕಿ 12ಕ್ಕೇ ಬೇಕೆನ್ನುತ್ತಾನೆ. ಯಂತ್ರದ ಆಪರೇಟರ್‌ಗೆ ಇದರಲ್ಲಿ ಗೊಂದಲವೇ ಇಲ್ಲ: 9ರಿಂದ 12 ಆಮಂತ್ರಣ, 2ರಿಂದ 7 ಸಂಚಿಕೆ. ಸಾಫ್ಟ್‌ವೇರ್ ಮಾತ್ರ ‘ಸಾಧ್ಯವಿಲ್ಲ’ ಎನ್ನುತ್ತದೆ. b = 5 ಆದಾಗ ಎರಡನೆಯ ಸಾಲು 10 <= a + 8 ಆಗಿಬಿಟ್ಟಿದೆ. ಅಂದರೆ ಆಮಂತ್ರಣವನ್ನು 11ಕ್ಕಿಂತ ಮೊದಲು ಆರಂಭಿಸಲು ಅದು ಬಿಡುವುದಿಲ್ಲ. ಹೆಸರಿಗಷ್ಟೇ ಇರಬೇಕಿದ್ದ ಷರತ್ತು ಕೆಲಸಗಳ ನಡುವಿನ ಬಿಡುವನ್ನೇ ನಿಷೇಧಿಸಿದೆ.

12ರ ಗಡುವಿನ ಗಿರಾಕಿ ಇಲ್ಲದಿದ್ದರೆ ತಪ್ಪು ಇನ್ನೂ ಗುಟ್ಟಾಗಿ ಉಳಿಯುತ್ತಿತ್ತು: ಯಂತ್ರ 11ರ ತನಕ ಸುಮ್ಮನೆ ನಿಂತಿರುವ ಯೋಜನೆಯನ್ನೇ ಸಾಫ್ಟ್‌ವೇರ್ ಅತ್ಯುತ್ತಮವೆಂದು ಕೊಡುತ್ತಿತ್ತು.

ಸರಿಯಾದ M ಅನ್ನು ಊಹಿಸಬೇಕಿಲ್ಲ. ಸಂಚಿಕೆ ಅತಿ ತಡವಾಗಿ ಮುಗಿಯುವುದು 10ನೇ ಗಂಟೆಗೆ, ಆಮಂತ್ರಣ ಅತಿ ಬೇಗ ಶುರುವಾಗುವುದು ಸೊನ್ನೆಯಲ್ಲಿ. ವ್ಯತ್ಯಾಸ 10, ಅದೇ M. ಈಗಿನ ಹಲವು ಸಾಫ್ಟ್‌ವೇರ್‌ಗಳಲ್ಲಿ M ಇಲ್ಲದೆಯೇ ‘z ಒಂದಾದರೆ ಈ ಷರತ್ತು’ ಎಂದು ನೇರವಾಗಿ ಬರೆಯಬಹುದು. ಸೋರಿಕೆಯ ಭಯ ಅಲ್ಲಿ ಕಡಿಮೆ, ಆದರೆ ಗಡಿ ಬಿಗಿಯಾಗಬೇಕಿದ್ದರೆ ಚೆನ್ನಾಗಿ ಲೆಕ್ಕ ಹಾಕಿದ M ವಾಸಿ. ಉತ್ತರದ ಮೇಲೆ ಸಂಶಯ ಬಂದವರು ಆಪರೇಟರ್ ಹೇಳಿದ ವೇಳೆಗಳನ್ನೇ, ಅಂದರೆ a = 0, b = 5, z = 1 ಎಂದು ಪ್ರತಿ ಸಾಲಿನಲ್ಲೂ ಇಟ್ಟು ನೋಡುತ್ತಾರೆ. ಯಾವ ಸಾಲು ಅದನ್ನು ಒಪ್ಪುವುದಿಲ್ಲವೋ ಆ ಸಾಲಿನ M ತಿದ್ದಬೇಕು.