ವೃದ್ಧಾಶ್ರಮದ ಅಮ್ಮನಿಗೆ ಸಂಕ್ರಾಂತಿಯ ಕಾಗದ

ಹಬ್ಬದ ದಿನ ಕಿರಿಯರು ನಮಸ್ಕರಿಸುತ್ತಾರೆ, ಹಿರಿಯರು ಹರಸುತ್ತಾರೆ. ವೃದ್ಧಾಶ್ರಮ ಸೇರಿದ ತಾಯಿ ಅಥವಾ ತಂದೆಗೆ ಹಬ್ಬದಲ್ಲಿ ತಪ್ಪಿಹೋಗುವುದು ಹೋಳಿಗೆ, ಪಾಯಸಕ್ಕಿಂತ ಹೆಚ್ಚಾಗಿ ಈ ಹರಸುವ ಸ್ಥಾನ. ಆಶ್ರಮದಲ್ಲಿ ಅಡುಗೆ ಬೇರೆಯವರದು, ಪೂಜೆ ಬೇರೆಯವರದು. ದಾನಿಗಳು ಬಂದು ಸಿಹಿ ಹಂಚುತ್ತಾರೆ, ಹಿರಿಯರು ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. ಬರಲಾಗದ ಮಕ್ಕಳು ಕಳಿಸುವ ಶುಭಾಶಯ ಅವರನ್ನು ಮತ್ತೆ ಕೊಡುವವರ ಜಾಗದಲ್ಲಿ ಕೂರಿಸಿದರೆ ಅದು ಕೆಲಸ ಮಾಡಿದಂತೆ.

ಇದಕ್ಕೆ ಹೆಚ್ಚು ಅನುಕೂಲವಾದ ಹಬ್ಬ ಮಕರ ಸಂಕ್ರಾಂತಿ. ಹಳೆ ಮೈಸೂರು ಸೀಮೆಯಲ್ಲಿ ಅಂದು ಎಳ್ಳು, ಬೆಲ್ಲ, ಕೊಬ್ಬರಿ, ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿ ಮನೆಮನೆಗೆ ಬೀರುತ್ತಾರೆ. ಮಿಶ್ರಣ ಒಣಗಿದ್ದು, ಅಂಚೆಯಲ್ಲಿ ಹೋದರೂ ಕೆಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಇಟ್ಟುಕೊಂಡು ತಿನ್ನುವ ವಸ್ತುವಲ್ಲ, ಹಂಚುವ ವಸ್ತು.

ಉದಾಹರಣೆಗೆ, ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳು ಮತ್ತು ಮೈಸೂರಿನ ಆಶ್ರಮದಲ್ಲಿರುವ ಎಪ್ಪತ್ತೆಂಟರ ತಾಯಿ ಎಂದಿಟ್ಟುಕೊಳ್ಳೋಣ. ಜನವರಿಯಲ್ಲಿ ಮಗಳಿಗೆ ರಜೆ ಸಿಕ್ಕಿಲ್ಲ. ತಾಯಿಗೆ ಸಕ್ಕರೆ ಕಾಯಿಲೆಯಿದೆ, ಕಟ್ಟಿಸಿಕೊಂಡ ಹಲ್ಲು, ಕಿವಿ ಸ್ವಲ್ಪ ಮಂದ. ಮಗಳು ಮೊದಲು ಮಾಡಬೇಕಾದ್ದು ಕಾಗದ ಬರೆಯುವುದಲ್ಲ, ಆಶ್ರಮದ ಮೇಲ್ವಿಚಾರಕರಿಗೆ ಫೋನ್ ಮಾಡುವುದು. ಎಷ್ಟು ಜನರಿದ್ದಾರೆ, ಹೊರಗಿನ ತಿಂಡಿಗೆ ಒಪ್ಪಿಗೆಯಿದೆಯೇ, ನುಂಗಲು ಕಷ್ಟಪಡುವವರು ಯಾರಾದರೂ ಇದ್ದಾರೆಯೇ, ಕಾಗದ ಓದಿ ಹೇಳುವವರು ಯಾರು ಎಂದು ಕೇಳಬೇಕು. ಇಪ್ಪತ್ತು ಹಿರಿಯರು, ಹತ್ತು ಸಿಬ್ಬಂದಿ ಎಂದಾದರೆ, ತಲೆಗೆ ಇಪ್ಪತ್ತೈದು ಗ್ರಾಂನಂತೆ ಮುಕ್ಕಾಲು ಕಿಲೋ ಎಳ್ಳು ಸಾಕು. ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗ ಅದನ್ನು ಮೂವತ್ತು ಪೊಟ್ಟಣ ಮಾಡಿ ಕಳಿಸಬಹುದು. ಹಲ್ಲಿಲ್ಲದವರ ಪಾಲನ್ನು ತರಿತರಿಯಾಗಿ ಪುಡಿ ಮಾಡಿದರೆ ಒಳ್ಳೆಯದು. ಎಳ್ಳಿನ ಕಾಳು ಕಟ್ಟಿದ ಹಲ್ಲಿನಡಿ ಸೇರಿ ನೋಯಿಸುತ್ತದೆ. ನುಂಗಲು ತೊಂದರೆಯಿರುವವರಿಗೆ ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕುವ ಅಪಾಯವಿದೆ, ಅವರಿಗೆ ಬಾಳೆಹಣ್ಣು ಕೊಡಬಹುದೇ ಎಂದು ಆಶ್ರಮದವರನ್ನೇ ಕೇಳಬೇಕು. ತಾಯಿಗೆ ಎಷ್ಟು ಬೆಲ್ಲ ಸಲ್ಲುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಸಕ್ಕರೆ ಅಚ್ಚು ಬೇಡ.

ನಂತರ ಕಾಗದ. ಅದು ಹೀಗಿರಬಹುದು:

"ಮಾತೃಶ್ರೀಯವರಿಗೆ ಸಾಷ್ಟಾಂಗ ನಮಸ್ಕಾರಗಳು.

ಅಮ್ಮ, ನಾವೆಲ್ಲ ಚೆನ್ನಾಗಿದ್ದೇವೆ. ಈ ಸಂಕ್ರಾಂತಿಗೆ ನನಗೆ ರಜೆ ಸಿಗಲಿಲ್ಲ, ಬರಲು ಆಗುತ್ತಿಲ್ಲ. ಜೊತೆಗಿರುವ ಎಳ್ಳು ನೀನು ಬೀರುವುದಕ್ಕೆ. ಮೂವತ್ತು ಪೊಟ್ಟಣ ಇವೆ. ಮೊದಲು ನಿನ್ನ ಪಕ್ಕದ ಮಂಚದವರಿಗೆ ಕೊಡು, ಆಮೇಲೆ ಅಡುಗೆಯವರಿಗೆ.

ಹಿತ್ತಲ ಬಿಸಿಲಲ್ಲಿ ನೀನು ಕೊಬ್ಬರಿ ಹೆಚ್ಚಿ ಹರಡುತ್ತಿದ್ದೆ, ನಾನು ಕದ್ದು ತಿಂದು ಬೈಸಿಕೊಳ್ಳುತ್ತಿದ್ದೆ. ಇಲ್ಲಿ ನಾನೂ ಎಳ್ಳು ಮಾಡುತ್ತಿದ್ದೇನೆ. ಬೆಲ್ಲ ಜಿಗುಟಾಗಿ ಅಂಟಿಕೊಳ್ಳುತ್ತಿದೆ. ನೀನು ಏನು ಮಾಡುತ್ತಿದ್ದೆ? ಹಬ್ಬದ ದಿನ ಸಂಜೆ ನಾಲ್ಕು ಗಂಟೆಗೆ ಫೋನ್ ಮಾಡುತ್ತೇನೆ, ಆಗ ಹೇಳು. ಮಕ್ಕಳನ್ನೂ ನನ್ನನ್ನೂ ಹರಸು.

ಬೇಡುವ ಆಶೀರ್ವಾದಗಳು.
ನಿನ್ನ ಮಗಳು"

ಇದರ ಮೊದಲ ಸಾಲು, ಕೊನೆಯ ಸಾಲು ಹಳೆಯ ಪತ್ರಗಳ ರೂಢಿ. ಎಪ್ಪತ್ತು ದಾಟಿದವರು ಕಾಗದವನ್ನು ಗುರುತಿಸುವುದೇ ಈ ಸಾಲುಗಳಿಂದ. ನಡುವಿನದು ಮನೆಮಾತು, ಅಮ್ಮನನ್ನು 'ನೀನು' ಎನ್ನುವ ಮನೆಯಲ್ಲಿ ಹಬ್ಬಕ್ಕೆಂದು 'ತಾವು' ಎಂದರೆ ಕಾಗದ ಪರಕೀಯವಾಗುತ್ತದೆ. ಬರಲಾಗದ ಕಾರಣ ಒಂದೇ ವಾಕ್ಯದಲ್ಲಿ ಮುಗಿದಿದೆ. ಕ್ಷಮೆ ಅರ್ಧ ಪುಟವಾದರೆ ಮಗಳನ್ನು ಸಮಾಧಾನ ಮಾಡುವ ಹೊರೆ ತಾಯಿಯ ಮೇಲೆ ಬೀಳುತ್ತದೆ. 'ಬೇಗ ಬರ್ತೀನಿ' ಎಂಬ ಮಾತೂ ಇಲ್ಲ. ಟಿಕೆಟ್ ಆಗದೆ ಅದನ್ನು ಬರೆದರೆ ತಾಯಿ ದಿನ ಎಣಿಸಲು ಶುರುಮಾಡುತ್ತಾರೆ, ವಾರಗಳ ಮೇಲೆ ಅದು ದೂರಾಗಿ ಉಳಿಯುತ್ತದೆ. ಫೋನಿನ ಹೊತ್ತು ಮಾತ್ರ ಖಚಿತವಾಗಿದೆ, ಏಕೆಂದರೆ ಮಗಳು ಉಳಿಸಿಕೊಳ್ಳಬಲ್ಲ ಮಾತು ಅದೊಂದೇ.

ಹಳೆಯ ನೆನಪನ್ನು 'ನೆನಪಿದೆಯಾ?' ಎಂದು ಕೇಳದೆ ನೇರವಾಗಿ ಹೇಳಿರುವುದಕ್ಕೂ ಕಾರಣವಿದೆ. ಮರೆವು ಆರಂಭವಾದವರಿಗೆ ಆ ಪ್ರಶ್ನೆ ಪರೀಕ್ಷೆಯಂತಾಗುತ್ತದೆ. ಬೆಲ್ಲದ ಪ್ರಶ್ನೆ ಹಾಗಲ್ಲ. ಹೊಸ ವಿಷಯ ಮರೆತರೂ ದಶಕಗಳಿಂದ ಕೈ ರೂಢಿಯಾದ ಕೆಲಸದ ನೆನಪು ಬಹಳ ಮಂದಿಗೆ ತಡವಾಗಿ ಮಾಸುತ್ತದೆ. 'ಬೆಲ್ಲ ಹೆಚ್ಚಿ ಬಿಸಿಲಿಗೆ ಹಾಕಬೇಕು ಕಣೇ' ಎಂದು ತಾಯಿ ತಿದ್ದಿದರೆ, ಆ ಕ್ಷಣಕ್ಕೆ ಅವರು ಮನೆಯ ಹಿರಿಯಳು.

ಕಾಗದ ಓದಿ ಹೇಳುವವರು ಬೇರೆಯವರಾದ್ದರಿಂದ ಆಸ್ತಿ, ಹಣ, ಸೊಸೆಯ ಮಾತು, ಆಶ್ರಮದ ಮೇಲಿನ ದೂರು ಅದರಲ್ಲಿ ಇರಬಾರದು. ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ ಶುಭಾಶಯ, ಸಿಹಿ ಎರಡೂ ಬೇಡ; ಎಷ್ಟೋ ಮನೆಗಳಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಅಂಥ ವರ್ಷ ತೀರಿಹೋದವರ ಹೆಸರೆತ್ತಿ ನಾಲ್ಕು ಸಾಲು ಬರೆದರೆ ಸಾಕು.

ಕಾಗದದ ರೂಪವನ್ನೂ ನೋಡಬೇಕು. ಮಿರುಗುವ ಕಾರ್ಡಿನ ಮೇಲಿನ ಬಂಗಾರದ ಅಕ್ಷರ ಪೊರೆ ಬಂದ ಕಣ್ಣಿಗೆ ಕಾಣುವುದು ಕಷ್ಟ. ಹೊಳಪಿಲ್ಲದ ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು ಅಕ್ಷರ ಬೇಕು. ಮುದ್ರಿಸುವುದಾದರೆ 18 ಪಾಯಿಂಟ್ ಗಾತ್ರ ಇರಲಿ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಬೀಳುವುದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬಿಡಬೇಕು, ಇಲ್ಲವಾದರೆ ಒತ್ತು ಕೆಳಸಾಲಿನ ತಲೆಕಟ್ಟಿಗೆ ತಗಲುತ್ತದೆ. ಹೊರದೇಶದ ಅಂಚೆ ಯಾವಾಗ ತಲುಪುತ್ತದೆ ಎಂದು ಹೇಳಲಾಗದು. ಮಗಳು ಕೈಯಲ್ಲಿ ಬರೆದ ಹಾಳೆಯ ಫೋಟೋ ಕಳಿಸಿ, ಚಿಕ್ಕಮ್ಮನ ಮಗ ದೊಡ್ಡದಾಗಿ ಮುದ್ರಿಸಿ ಎಳ್ಳಿನ ಜೊತೆ ಇಟ್ಟರೆ ಕೈಬರಹವೂ ಉಳಿಯುತ್ತದೆ. ಪೊಟ್ಟಣ ಹಬ್ಬಕ್ಕೆ ಎರಡು ಮೂರು ದಿನ ಮೊದಲೇ ಮುಟ್ಟಬೇಕು. ಹಬ್ಬದ ದಿನ ಅಂಚೆ ಕಚೇರಿಗೆ ರಜೆ ಇರಬಹುದು, ದಾನಿಗಳ ಗದ್ದಲದಲ್ಲಿ ಕಾಗದ ಓದಲು ಆಶ್ರಮದವರಿಗೆ ಪುರುಸೊತ್ತೂ ಇರುವುದಿಲ್ಲ.

ಫೋನಿಗೆ ಸಂಜೆ ನಾಲ್ಕನ್ನು ಆರಿಸಿದ್ದು ಎರಡೂ ಕಡೆಯ ಗಡಿಯಾರ ನೋಡಿ. ಚಳಿಗಾಲದಲ್ಲಿ ಐರ್ಲೆಂಡ್ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವುದರಿಂದ ಅಲ್ಲಿ ಆಗ ಬೆಳಗಿನ ಹತ್ತೂವರೆ; ಇಲ್ಲಿ ಅಮ್ಮನ ಮಧ್ಯಾಹ್ನದ ನಿದ್ದೆ ಮುಗಿದಿರುತ್ತದೆ. ವಯಸ್ಸಿನ ಕಿವುಡು ಸಾಮಾನ್ಯವಾಗಿ ಮೊದಲು ಕೀರಲು ದನಿಗಳನ್ನು ಅಳಿಸುತ್ತದೆ. ಸ್ವರಗಳು ಕೇಳುತ್ತವೆ, 'ಸ', 'ಶ', 'ಚ' ಮಸುಕಾಗುತ್ತವೆ, ಮಾತು ಕೇಳಿಸಿದರೂ ಅರ್ಥವಾಗುವುದಿಲ್ಲ. ಹೀಗಾಗಿ ಕಿರುಚಿದರೆ ಉಪಯೋಗ ಕಡಿಮೆ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಹೇಳಬೇಕು. ವಿಡಿಯೋ ಕರೆಯಾದರೆ ಬೆಳಕು ಮಗಳ ಮುಖದ ಮೇಲೆ ಬೀಳಬೇಕು, ತುಟಿ ಕಂಡರೆ ಅರ್ಧ ಮಾತು ಹೊಳೆಯುತ್ತದೆ. ಒಬ್ಬೊಬ್ಬರೇ ಮಾತಾಡಬೇಕು, ಮೊಮ್ಮಕ್ಕಳು ಒಟ್ಟಿಗೆ ಕೂಗಿದರೆ ಅಜ್ಜಿ ಸುಮ್ಮನೆ ನಗುತ್ತಾ ತಲೆಯಾಡಿಸುತ್ತಾರೆ. ಆ ತಲೆಯಾಡಿಸುವುದೇ ಕೇಳಿಸಿಲ್ಲ ಎಂಬುದರ ಗುರುತು ಆಗಿರಬಹುದು.

ಶುಭಾಶಯ ಮುಟ್ಟಿತೇ ಎಂದು ತಿಳಿಯಲು 'ಖುಷಿಯಾಯ್ತಾ ಅಮ್ಮ?' ಎಂದು ಕೇಳಿ ಪ್ರಯೋಜನವಿಲ್ಲ, ಉತ್ತರ ಯಾವಾಗಲೂ 'ಹೂಂ'. 'ಯಾರ್ಯಾರಿಗೆ ಬೀರಿದೆ?' ಎಂದು ಕೇಳಬೇಕು. ಹೆಸರುಗಳು ಬಂದರೆ, ಯಾರು ಏನೆಂದರು ಎಂಬ ಕತೆ ಬಂದರೆ ಕಾಗದ ತನ್ನ ಕೆಲಸ ಮಾಡಿದೆ. ಪೊಟ್ಟಣಗಳು ಕಚೇರಿಯ ಬೀರುವಿನಲ್ಲೇ ಉಳಿದಿದ್ದರೆ, ಅಥವಾ ಸಿಬ್ಬಂದಿಯೇ ಹಂಚಿ ಮುಗಿಸಿದ್ದರೆ, ತಪ್ಪು ಕಾಗದದ್ದಲ್ಲ. ಯುಗಾದಿಗೆ ಬೇವು ಬೆಲ್ಲ ಕಳಿಸುವ ಮುನ್ನ, ಅದನ್ನು ಅಮ್ಮನ ಕೈಯಿಂದಲೇ ಕೊಡಿಸಿ ಎಂದು ಆಶ್ರಮದವರಿಗೆ ಬಾಯಿಬಿಟ್ಟು ಹೇಳಬೇಕು.